‘3ರವರೆಗೆ ರಜೆ’ ಅಂದರೆ 3ಕ್ಕೆ ಬಾಗಿಲು ತೆಗೀತೀರಾ?

ಕನ್ನಡದಲ್ಲಿ ಕಾದಂಬರಿಗೆ ವಿಮರ್ಶೆ ಇದೆ, ಸಿನಿಮಾಗೆ ಇದೆ, ಹೋಟೆಲ್ಲಿನ ಬೆಣ್ಣೆ ದೋಸೆಗೂ ಇದೆ. ಹಬ್ಬಕ್ಕೆ ಮುಂಚೆ ಅಂಗಡಿಯವರು ಇನ್‌ಸ್ಟಾಗ್ರಾಂನಲ್ಲಿ ದೀಪದ ಫೋಟೊ ಹಾಕಿ ಕೆಳಗೆ ಬರೆಯುವ ರಜೆಯ ಕ್ಯಾಪ್ಶನ್‌ಗೆ ಮಾತ್ರ ವಿಮರ್ಶಕರಿಲ್ಲ. ಅದು ಬರವಣಿಗೆ ಅಂತಲೇ ಯಾರಿಗೂ ಅನ್ನಿಸಿಲ್ಲ. ಆದರೆ ನಮ್ಮಲ್ಲಿ ಅನೇಕರು ವಾರವಿಡೀ ಓದುವ ಕನ್ನಡ ಅಂದ್ರೆ ಇಂಥದ್ದೇ ನಾಲ್ಕು ಸಾಲು. ಜೊತೆಗೆ, ಈ ನಾಲ್ಕು ಸಾಲು ಕೆಟ್ಟದಾಗಿದ್ದರೆ ಒಬ್ಬರ ಮಾತ್ರೆ ತಪ್ಪಬಹುದು. ಕಾದಂಬರಿಗೆ ಅಷ್ಟು ಜವಾಬ್ದಾರಿ ಇರಲ್ಲ.

ಮಾತ್ರೆ ಅಂದೆನಲ್ಲ, ಅದಕ್ಕೇ ಮೆಡಿಕಲ್ ಶಾಪಿನ ಕ್ಯಾಪ್ಶನ್ ತಗೊಳ್ತೀನಿ. ಸೀರೆ ಅಂಗಡಿಯದು ತಪ್ಪಾದರೆ ಸೀರೆ ಒಂದು ವಾರ ತಡವಾಗಿ ಬರುತ್ತೆ, ಅಷ್ಟೇ. ವರ್ಷ 2024 ಇರಲಿ, ಯಾಕೆಂದರೆ ಆ ವರ್ಷದ ದೀಪಾವಳಿ ಕರ್ನಾಟಕದಲ್ಲಿ ಇಂಥ ಬರಹಕ್ಕೆ ಕಠಿಣ ಪರೀಕ್ಷೆಯಾಗಿತ್ತು. ಅಕ್ಟೋಬರ್ 31 ಗುರುವಾರ ನರಕ ಚತುರ್ದಶಿ, ನವೆಂಬರ್ 1 ಶುಕ್ರವಾರ ರಾಜ್ಯೋತ್ಸವ, 2 ಶನಿವಾರ ಬಲಿಪಾಡ್ಯಮಿ, 3 ಭಾನುವಾರ. ಸಾಲಾಗಿ ನಾಲ್ಕು ದಿನ. ಐಟಿಯವರಿಗೆ ಊರಿಗೆ ಹೋಗೋ ಸಂಭ್ರಮ, ಬಿಪಿ ಮಾತ್ರೆ ನುಂಗೋ ಅಪ್ಪ ಅಮ್ಮಂದಿರಿಗೆ ನಾಲ್ಕು ದಿನ ಮುಚ್ಚಿದ ಶಟರ್.

ನಾನು ನೋಡಿರುವ ಇಂಥ ಕ್ಯಾಪ್ಶನ್‌ಗಳನ್ನೆಲ್ಲ ಸೇರಿಸಿ ಸಾರ ಇಳಿಸಿದರೆ ಹೀಗೊಂದು ಬರುತ್ತೆ:

“ಸಮಸ್ತ ಗ್ರಾಹಕ ಬಂಧುಗಳಿಗೆ ದೀಪಾವಳಿ ಹಬ್ಬದ ಹಾರ್ದಿಕ ಶುಭಾಶಯಗಳು. ಬೆಳಕಿನ ಹಬ್ಬ ತಮ್ಮ ಬಾಳಲ್ಲಿ ಸುಖ, ಶಾಂತಿ, ಆರೋಗ್ಯ ತರಲಿ. ಹಬ್ಬದ ಪ್ರಯುಕ್ತ ನಮ್ಮ ಅಂಗಡಿಗೆ 31ರಿಂದ 3ರವರೆಗೆ ರಜೆ ಇರುತ್ತದೆ. ಹೋಮ್ ಡೆಲಿವರಿ ಬೇಕಾದವರು 30ರೊಳಗೆ ಆರ್ಡರ್ ಮಾಡಿ. ತುರ್ತು ಸಂದರ್ಭದಲ್ಲಿ ಸಂಪರ್ಕಿಸಿ. ಗ್ರಾಹಕರು ಸಹಕರಿಸಬೇಕಾಗಿ ವಿನಂತಿ.”

ಇದರಲ್ಲಿ ವ್ಯಾಕರಣ ಸರಿಯಾಗಿದೆ, ವಿನಯವೂ ಇದೆ. ಒಂದು ಕಾಗುಣಿತದ ತಪ್ಪೂ ಇಲ್ಲ. ಆದರೂ ಇದು ಕೆಟ್ಟ ಬರವಣಿಗೆ.

ಮೊದಲು ಶುಭಾಶಯದಿಂದ ಶುರು ಮಾಡೋಣ. ಶಟರ್ ಮೇಲೆ ಅಂಟಿಸುವ ಹಾಳೆಯಲ್ಲಿ ಶುಭಾಶಯ ಮೇಲೆ, ರಜೆ ಕೆಳಗೆ ಇದ್ದರೆ ತೊಂದರೆ ಇಲ್ಲ. ಓದುವವರು ಅಲ್ಲೇ ನಿಂತಿರ್ತಾರೆ, ಇಡೀ ಹಾಳೆ ಕಣ್ಣಿಗೆ ಬೀಳುತ್ತೆ. ಇನ್‌ಸ್ಟಾಗ್ರಾಂ ಹಾಗಲ್ಲ. ಫೀಡಿನಲ್ಲಿ ಕ್ಯಾಪ್ಶನ್ನಿನ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತೆ, ಉಳಿದದ್ದು more ಹಿಂದೆ ಅಡಗಿರುತ್ತೆ. ಅಂದರೆ ನಮ್ಮ ಓದುಗರಿಗೆ ಸಿಕ್ಕಿದ್ದು ಹಾರ್ದಿಕ ಶುಭಾಶಯ. ಲೈಕ್ ಒತ್ತಿ ಮುಂದೆ ಹೋದರು. ರಜೆಯ ಸುದ್ದಿ ಅವರಿಗೆ ಮುಟ್ಟಲೇ ಇಲ್ಲ. ಶಟರಿನ ಹಾಳೆಯ ಕ್ರಮವನ್ನು ಹಾಗೇ ಫೋನಿಗೆ ತಂದಿದ್ದರ ಫಲ ಇದು.

ಎರಡನೆಯದು ಈ ಪ್ರಕಾರದ ಮೂಲ ದೋಷ: ‘ವರೆಗೆ’. ನಾವು ಗಡಿಯಾರಕ್ಕೂ ಕ್ಯಾಲೆಂಡರಿಗೂ ಇದೊಂದೇ ಪದ ಬಳಸ್ತೀವಿ. “ರಾತ್ರಿ 8ರವರೆಗೆ” ಅಂದ್ರೆ ಗೊಂದಲ ಇಲ್ಲ, ಯಾಕೆಂದರೆ 8 ಗಂಟೆ ಅನ್ನೋದು ಒಂದು ಗೆರೆ. 3ನೇ ತಾರೀಖು ಗೆರೆಯಲ್ಲ, ಅದು ಇಪ್ಪತ್ನಾಲ್ಕು ಗಂಟೆ ಅಗಲದ ಪಟ್ಟಿ. “3ರವರೆಗೆ ರಜೆ” ಅಂದಾಗ ಪಟ್ಟಿಯ ಈ ಅಂಚಿಗೆ ನಿಲ್ಲಬೇಕಾ, ಆ ಅಂಚಿಗಾ? ಬರೆದ ಅಂಗಡಿಯವರ ತಲೆಯಲ್ಲಿ 3 ಪೂರ್ತಿ ರಜೆ. ಓದಿದ ಅರ್ಧ ಜನರ ತಲೆಯಲ್ಲಿ 3ಕ್ಕೆ ಬಾಗಿಲು ತೆಗೆಯುತ್ತೆ.

ಇದರ ಬೆಲೆ ಏನು ಅಂತ ಲೆಕ್ಕ ಹಾಕಿ ನೋಡೋಣ. ದಿನಕ್ಕೊಂದು ಬಿಪಿ ಮಾತ್ರೆ ಬೆಳಗ್ಗೆ ತಗೊಳ್ಳುವ ಒಬ್ಬ ತಾಯಿ. 30 ಬುಧವಾರದ ಮಾತ್ರೆ ನುಂಗಿದ ಮೇಲೆ ಸ್ಟ್ರಿಪ್‌ನಲ್ಲಿ ಮೂರು ಉಳಿದಿವೆ. ಗುರುವಾರ, ಶುಕ್ರವಾರ, ಶನಿವಾರಕ್ಕೆ ಆಯ್ತು. “3ರವರೆಗೆ ರಜೆ, ಹಾಗಾದ್ರೆ ಭಾನುವಾರ ಬೆಳಗ್ಗೆ ತಂದರೆ ಆಯ್ತು” ಅಂತ ಮಗ ಸುಮ್ಮನಾಗ್ತಾನೆ. ಭಾನುವಾರ ಬೆಳಗ್ಗೆ ಶಟರ್ ಮುಚ್ಚಿದೆ. ಸೋಮವಾರ ಅಂಗಡಿ ತೆಗೆದರೂ ಅವತ್ತಿನ ಡೆಲಿವರಿ ಮಧ್ಯಾಹ್ನದ ಮೇಲೆ ಬರುತ್ತೆ, ಬೆಳಗಿನ ಮಾತ್ರೆಯ ಹೊತ್ತೂ ಮೀರುತ್ತೆ. ನಾಲ್ಕು ದಿನದ ರಜೆಗೆ ಅವರಿಗೆ ಬೇಕಾಗಿದ್ದು ನಾಲ್ಕಲ್ಲ, ಐದು ಮಾತ್ರೆ. ಪಕ್ಕದ ರಸ್ತೆಯಲ್ಲಿ ಬೇರೆ ಮೆಡಿಕಲ್ ತೆಗೆದಿರಬಹುದು, ನಿಜ. ಆದರೆ ಅದನ್ನು ಹುಡುಕಬೇಕು ಅಂತ ಗೊತ್ತಾಗೋದೇ ಭಾನುವಾರ. ಕ್ಯಾಪ್ಶನ್ ಕಸಿದುಕೊಂಡಿದ್ದು ಆ ಮೂರು ದಿನದ ಮುನ್ಸೂಚನೆಯನ್ನು.

ಮದ್ದು ಸುಲಭ. ಯಾವಾಗ ಮುಚ್ಚುತ್ತೆ ಅನ್ನುವುದರ ಜೊತೆಗೆ ಯಾವಾಗ ತೆಗೆಯುತ್ತೆ ಅಂತಲೂ ಬರೆಯಿರಿ. “4 ಸೋಮವಾರ ಬೆಳಗ್ಗೆ 9ಕ್ಕೆ ಬಾಗಿಲು ತೆಗೀತೀವಿ” ಅಂದಮೇಲೆ ‘ವರೆಗೆ’ ಎಷ್ಟೇ ಜಾರಿದರೂ ಅಪಾಯ ಇಲ್ಲ. ವಾರದ ಹೆಸರು ಇಲ್ಲಿ ಅಲಂಕಾರ ಅಲ್ಲ, ತಾಳೆ ನೋಡುವ ಸಾಧನ. ಅಕ್ಟೋಬರ್ 31 ಎನ್ನುವುದು 2023ರಲ್ಲಿ ಮಂಗಳವಾರ, 2024ರಲ್ಲಿ ಗುರುವಾರ, 2025ರಲ್ಲಿ ಶುಕ್ರವಾರ. ಹಳೆಯ ಪೋಸ್ಟು ಮುಂದಿನ ವರ್ಷ ಯಾರ ಕಣ್ಣಿಗಾದರೂ ಬಿದ್ದರೆ ವಾರ ತಾಳೆಯಾಗದಿದ್ದಾಗ ಇದು ಈ ವರ್ಷದ್ದಲ್ಲ ಅಂತ ಗೊತ್ತಾಗುತ್ತೆ. ಇದೇ ಕಾರಣಕ್ಕೆ ‘ನಾಳೆಯಿಂದ’ ಅಂತ ಬರೆಯಲೇಬಾರದು. ಫೀಡು ಪೋಸ್ಟುಗಳನ್ನು ಹಾಕಿದ ಕ್ರಮದಲ್ಲೇ ತೋರಿಸಲ್ಲ, ನಿಮ್ಮ ‘ನಾಳೆ’ ಎರಡು ದಿನ ಬಿಟ್ಟು ಇನ್ನೊಬ್ಬರ ನಾಳೆ ಆಗಬಹುದು. ‘ದೀಪಾವಳಿಗೆ ರಜೆ’ ಅಂತ ಬರೀ ಹಬ್ಬದ ಹೆಸರು ಹೇಳಿದರೂ ಇದೇ ಕಥೆ. 2025ರಲ್ಲಿ ಸರ್ಕಾರಿ ರಜೆ ಇದ್ದದ್ದು ಅಕ್ಟೋಬರ್ 20 ಸೋಮವಾರ ಮತ್ತು 22 ಬುಧವಾರ. ನಡುವಿನ ಮಂಗಳವಾರ ಅಂಗಡಿ ಇತ್ತಾ ಇಲ್ಲವಾ ಅನ್ನೋದಕ್ಕೆ ‘ದೀಪಾವಳಿ’ ಎಂಬ ಪದದಲ್ಲಿ ಉತ್ತರ ಇಲ್ಲ.

ಮೂರನೆಯದು “30ರೊಳಗೆ ಆರ್ಡರ್ ಮಾಡಿ”. ‘ಒಳಗೆ’ ಎಂಬುದು ‘ವರೆಗೆ’ಯ ತಮ್ಮ, ಅದೇ ಚಾಳಿ. 30 ಸೇರಿತಾ? ರಾತ್ರಿ 11ಕ್ಕೆ ವಾಟ್ಸಾಪ್ ಮಾಡಿದರೆ ನಡೆಯುತ್ತಾ? ಆದರೆ ಇಲ್ಲಿ ಪದಕ್ಕಿಂತ ದೊಡ್ಡ ತಪ್ಪು ಇದೆ. ಮೆಡಿಕಲ್ ಶಾಪಿಗೆ ಇರೋದು ಒಂದು ಕೊನೇ ಹೊತ್ತಲ್ಲ, ಎರಡು. ಕಪಾಟಿನಲ್ಲಿ ಈಗಾಗಲೇ ಇರುವ ಔಷಧಿಗೆ ಬುಧವಾರ ಸಂಜೆ ಹೇಳಿದರೂ ಹುಡುಗ ಬೈಕಿನಲ್ಲಿ ತಂದುಕೊಡ್ತಾನೆ. ಕಪಾಟಿನಲ್ಲಿ ಇಲ್ಲದ್ದನ್ನು ಅಂಗಡಿಯವರು ಡಿಸ್ಟ್ರಿಬ್ಯೂಟರ್ ಹತ್ತಿರ ತರಿಸಬೇಕು, ಅವರಿಗೂ ಹಬ್ಬ ಇದೆ. ಹಾಗಾಗಿ ಆ ಆರ್ಡರ್ ಒಂದೆರಡು ದಿನ ಮೊದಲೇ ಬರಬೇಕು. ಈ ವ್ಯತ್ಯಾಸ ಅಂಗಡಿಯವರಿಗೆ ಚೆನ್ನಾಗಿ ಗೊತ್ತು. ಗ್ರಾಹಕರಿಗೆ ಮಾತ್ರ ಹೇಳಲ್ಲ. ಚೀಟಿ ಬೇಕಾದ ಔಷಧಿಗೆ ಚೀಟಿಯ ಫೋಟೊ ಬರದೆ ಆರ್ಡರ್ ಆರ್ಡರೇ ಅಲ್ಲ, ಅದನ್ನೂ ಹೇಳಲ್ಲ. ಬುಧವಾರ ಸಂಜೆ “ಸ್ಟಾಕ್ ಇಲ್ಲ ಸಾರ್, ಸೋಮವಾರ ಬರುತ್ತೆ” ಅನ್ನುವ ಉತ್ತರ ಸಿಕ್ಕಾಗ ಗ್ರಾಹಕ 30ರೊಳಗೇ ಹೇಳಿರ್ತಾನೆ. ಕ್ಯಾಪ್ಶನ್ ಪ್ರಕಾರ ಅವನದೇನೂ ತಪ್ಪಿಲ್ಲ.

ಕೊನೆಯದು “ತುರ್ತು ಸಂದರ್ಭದಲ್ಲಿ ಸಂಪರ್ಕಿಸಿ”. ಇಡೀ ಕ್ಯಾಪ್ಶನ್ನಿನಲ್ಲಿ ಅತಿ ಭಾರದ ಸಾಲು ಇದು, ಅತಿ ಟೊಳ್ಳಾದದ್ದೂ ಇದೇ. ಯಾರನ್ನು, ಯಾವಾಗ, ಹೇಗೆ ಅನ್ನೋದು ಇಲ್ಲ. ನಂಬರ್ ಹಾಕಿದ್ದರೂ ಕ್ಯಾಪ್ಶನ್ನಿನಲ್ಲಿರುವ ನಂಬರ್ ಒತ್ತಿದರೆ ಕರೆ ಹೋಗಲ್ಲ. ಗಾಬರಿಯಲ್ಲಿರುವವರು ಹತ್ತು ಅಂಕಿ ಬಾಯಲ್ಲಿ ಹೇಳಿಕೊಳ್ಳುತ್ತಾ ಡಯಲ್ ಮಾಡಬೇಕು. ಬಿಸಿನೆಸ್ ಖಾತೆಯ ಪ್ರೊಫೈಲಿನಲ್ಲಿ Call ಬಟನ್ ಇಡಬಹುದು, ಅದನ್ನು ತೋರಿಸಿದರೆ ಸಾಕು.

ಅದಕ್ಕಿಂತ ಮುಖ್ಯ, ಕರೆ ತೆಗೆದವರು ಏನು ಮಾಡಬಲ್ಲರು? ನಮ್ಮ ದೇಶದಲ್ಲಿ 1948ರ ಫಾರ್ಮಸಿ ಕಾಯ್ದೆಯ ಪ್ರಕಾರ ವೈದ್ಯರ ಚೀಟಿಯ ಔಷಧಿಯನ್ನು ನೋಂದಾಯಿತ ಫಾರ್ಮಸಿಸ್ಟ್ ಕೊಡಬೇಕು. ಅವರು ಹಾಸನಕ್ಕೆ ಹಬ್ಬಕ್ಕೆ ಹೋಗಿದ್ದರೆ, ಓನರ್ ಫೋನ್ ಎತ್ತಿ “ನೋಡೋಣ ಸಾರ್” ಅನ್ನೋದರಿಂದ ಇನ್ಸುಲಿನ್ ಬರಲ್ಲ. ಹಾಗಿದ್ದಾಗ ತುರ್ತು ಸಂಪರ್ಕ ಇದೆ ಅನ್ನೋದಕ್ಕಿಂತ ಇಲ್ಲ ಅಂತ ಬರೆಯೋದೇ ಉಪಕಾರ. ಇಲ್ಲ ಅಂತ ಗೊತ್ತಿದ್ದರೆ ಜನ ಮೊದಲೇ ತಗೊಂಡಿಟ್ಟುಕೊಳ್ತಾರೆ. ಇದೆ ಅಂತ ನಂಬಿದವರು ಕಾಯ್ತಾರೆ. ಇನ್ನು ‘ತುರ್ತು’ ಅನ್ನುವ ಪದಕ್ಕೆ ಮಿತಿ ಹಾಕದಿದ್ದರೆ ಪಟಾಕಿ ಕಿಡಿ ಕಣ್ಣಿಗೆ ಸಿಡಿದವರೂ ಮೆಡಿಕಲ್ ಶಾಪಿಗೇ ಫೋನ್ ಮಾಡ್ತಾರೆ. ಅದು ಆಸ್ಪತ್ರೆಯ ಕೆಲಸ. ಅಂಥದ್ದಕ್ಕೆ 108 ಅಥವಾ ಬೆಂಗಳೂರಿನಲ್ಲಾದರೆ ಮಿಂಟೋ ಕಣ್ಣಿನ ಆಸ್ಪತ್ರೆ.

ಬೈದಿದ್ದಾಯ್ತು, ಈಗ ನಾನೇ ತಿದ್ದಿ ಬರೀತೀನಿ:

“ಅಕ್ಟೋಬರ್ 31 ಗುರುವಾರದಿಂದ ನವೆಂಬರ್ 3 ಭಾನುವಾರ ಪೂರ್ತಿ, 4 ದಿನ ಅಂಗಡಿ ಇರಲ್ಲ. 4 ಸೋಮವಾರ ಬೆಳಗ್ಗೆ 9ಕ್ಕೆ ತೆಗೀತೀವಿ.
ದಿನಾ ತಗೊಳ್ಳೋ ಮಾತ್ರೆ, ಇನ್ಸುಲಿನ್ ಇವತ್ತೇ ಎಣಿಸಿ ನೋಡಿ. ಬುಧವಾರದ ನಂತರ 5 ದಿನಕ್ಕೆ ಆಗುವಷ್ಟು ಇರಲಿ.
ನಮ್ಮಲ್ಲಿ ಇರೋ ಔಷಧಿ: 30 ಬುಧವಾರ ಸಂಜೆ 5ರ ಮೊದಲು ಚೀಟಿಯ ಫೋಟೊ ಕಳಿಸಿದರೆ ಅದೇ ರಾತ್ರಿ ಮನೆಗೆ.
ತರಿಸಿಕೊಡಬೇಕಾದ ಔಷಧಿ: 28 ಸೋಮವಾರ ಮಧ್ಯಾಹ್ನ 12ರ ಮೊದಲು ಹೇಳಿ.
ರಜೆಯಲ್ಲಿ ದಿನದ ಔಷಧಿ ಮುಗಿದರೆ ಬೆಳಗ್ಗೆ 9ರಿಂದ ರಾತ್ರಿ 8ರವರೆಗೆ ಪ್ರೊಫೈಲಿನ Call ಬಟನ್ ಒತ್ತಿ. ಮೆಸೇಜ್ ನೋಡಲ್ಲ. ಫಾರ್ಮಸಿಸ್ಟ್ ಬಂದು ಅಂಗಡಿಯಲ್ಲೇ ಕೊಡ್ತಾರೆ, ಮನೆಗೆ ತಲುಪಿಸಲು ಆಗಲ್ಲ. ಪ್ರಾಣಾಪಾಯ ಅನ್ನಿಸಿದರೆ 108.
ಎಲ್ಲರಿಗೂ ದೀಪಾವಳಿ ಶುಭಾಶಯ.”

ಮೊದಲಿನದಕ್ಕಿಂತ ಉದ್ದ ಆಯ್ತು, ಹೌದು. ಆದರೆ ಮೊದಲ ಸಾಲಿನಲ್ಲೇ ಮುಖ್ಯ ಸುದ್ದಿ ಮುಗಿದಿದೆ. ‘ವರೆಗೆ’ ಗಡಿಯಾರದ ಪಕ್ಕದಲ್ಲಿ ಮಾತ್ರ ಉಳಿದಿದೆ. ಇದನ್ನು 26 ಶನಿವಾರ ಹಾಕಬೇಕು, ಇಲ್ಲದಿದ್ದರೆ 28ರ ಗಡುವಿಗೆ ಅರ್ಥವಿಲ್ಲ. ಬರೀ ಸ್ಟೋರಿಯಲ್ಲಿ ಹಾಕಿದರೆ 24 ಗಂಟೆಗೆ ಮಾಯ, ಆದ್ದರಿಂದ ಪೋಸ್ಟೇ ಹಾಕಿ ಪ್ರೊಫೈಲಿನ ಮೇಲ್ಗಡೆ ಪಿನ್ ಮಾಡಬೇಕು.

ಇಷ್ಟಾದರೂ ಕ್ಯಾಪ್ಶನ್ ಒಂದೇ ಎಲ್ಲರನ್ನೂ ಮುಟ್ಟಲ್ಲ. ಮಾತ್ರೆ ನುಂಗುವವರು ಹೆಚ್ಚಾಗಿ ಇನ್‌ಸ್ಟಾಗ್ರಾಂ ನೋಡುವವರಲ್ಲ, ಅವರ ಮಕ್ಕಳು ನೋಡ್ತಾರೆ. ಆದ್ದರಿಂದ ಇದೇ ತಾರೀಖುಗಳು ಗೂಗಲ್ ಮ್ಯಾಪ್ಸ್‌ನ ವಿಶೇಷ ಸಮಯದಲ್ಲೂ, ವಾಟ್ಸಾಪ್ ಬಿಸಿನೆಸ್‌ನ ಅವೇ ಮೆಸೇಜಿನಲ್ಲೂ, ಶಟರಿನ ಹಾಳೆಯಲ್ಲೂ ಒಂದೇ ಥರ ಇರಬೇಕು. ಮೂರು ಕಡೆ ಮೂರು ಥರ ಇದ್ದರೆ ಜನ ತಮಗೆ ಅನುಕೂಲವಾದದ್ದನ್ನು ನಂಬ್ತಾರೆ, ಅದೇ ತಪ್ಪಾಗಿರುತ್ತೆ.

“ಸಹಕರಿಸಬೇಕಾಗಿ ವಿನಂತಿ” ಅನ್ನುವ ಸಾಲನ್ನು ನಾನು ಬೇಕಂತಲೇ ಬಿಟ್ಟೆ. ಐದು ದಿನದ ಮಾತ್ರೆ ಎಣಿಸಿಕೊಳ್ಳಿ ಅಂತ ಹೇಳಿದ ಮೇಲೆ ಸಹಕಾರ ಕೇಳುವ ಅಗತ್ಯ ಇರಲ್ಲ. ಜನ ಎಣಿಸ್ತಾರೆ.