ಅನುಮಾನಕ್ಕೆ ಫೋನ್ ತಪಾಸಣೆ ಮದ್ದೇ?

ಸಂಗಾತಿಯ ಗೆಳೆತನದ ಬಗ್ಗೆಯೋ ಹಳೆಯ ಪ್ರೇಮದ ಬಗ್ಗೆಯೋ ಅನುಮಾನ ಬಂದಾಗ ಅವರ ಫೋನ್ ತೆಗೆದು ನೋಡುವುದು ಹಲವು ಮನೆಗಳ ರೂಢಿ. ಮುಚ್ಚಿಡುವಂಥದ್ದು ಇಲ್ಲದಿದ್ದರೆ ಲಾಕ್ ಏಕೆ ಎಂಬುದು ಅದರ ಸಮರ್ಥನೆ. ಆದರೆ ಫೋನು ಸಂದೇಶ ಇದ್ದರೆ ತೋರಿಸಬಲ್ಲದೇ ಹೊರತು, ಸಂಬಂಧ ಇಲ್ಲವೆಂದು ಸಾಬೀತು ಮಾಡಲಾರದು. ಏನೂ ಸಿಗದಿದ್ದರೆ ಅಳಿಸಿರಬೇಕು ಎಂಬ ಗುಮಾನಿ ಉಳಿದೇ ಉಳಿಯುತ್ತದೆ.

ಒಂದು ಕಲ್ಪಿತ ಉದಾಹರಣೆ: ಗಂಡ ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲರ್, ಹೆಂಡತಿ ಚಿಂತಾಮಣಿಯಲ್ಲಿ ಶಾಲಾ ಶಿಕ್ಷಕಿ. ರಾತ್ರಿ ಹತ್ತಕ್ಕೆ ಕಾಲೇಜು ಗೆಳೆಯನ ವಾಟ್ಸ್ಆ್ಯಪ್ ಸಂದೇಶ ಬರುತ್ತದೆ, ಆಕೆ ನಗುತ್ತಾಳೆ. ಅವಳು ಮಲಗಿದ ಮೇಲೆ ಅವನು ಫೋನ್ ನೋಡುತ್ತಾನೆ. ಇರುವುದು ಹಳೆಯ ಮೇಷ್ಟ್ರ ಬಗ್ಗೆ ಒಂದು ತಮಾಷೆ. ಎರಡು ದಿನ ನೆಮ್ಮದಿ. ಮತ್ತೊಂದು ಸಂದೇಶ ಬಂದೊಡನೆ ಮತ್ತೆ ತಪಾಸಣೆ. ಇದು ಗೊತ್ತಾದ ಹೆಂಡತಿ ಜಗಳಕ್ಕೆ ಹೆದರಿ ಫೋನನ್ನು ಸೈಲೆಂಟ್‌ಗೆ ಹಾಕುತ್ತಾಳೆ. ಆ ಸದ್ದಿಲ್ಲದ ಫೋನೇ ಅವನಿಗೆ ಹೊಸ ಪುರಾವೆ. ಬಚ್ಚಿಡುವುದನ್ನು ಹಿಡಿಯಲು ಹೊರಟ ತಪಾಸಣೆ ಬಚ್ಚಿಡುವುದನ್ನು ಕಲಿಸಿದಂತಾಯಿತು.

ಅನುಮಾನಕ್ಕೆ ಮೂರನೆಯವರೂ ಗುರಿಯಾಗುತ್ತಾರೆ. ಹೆಂಡತಿಯ ಸಂಬಂಧವನ್ನು ಸಾಬೀತುಪಡಿಸಲು ಬೇರೊಬ್ಬರ ಮೊಬೈಲ್ ಟವರ್ ದಾಖಲೆ ತರಿಸಬೇಕೆಂಬ ಗಂಡನ ಕೋರಿಕೆಯ ಪ್ರಕರಣದಲ್ಲಿ, ಅದು ಆ ಮೂರನೆಯವರ ಖಾಸಗಿತನದ ಉಲ್ಲಂಘನೆ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಹೇಳಿತು.

ತಪಾಸಣೆಗಿಂತ ಫಲ ಕೊಡುವುದು ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಮಾಡುವ ಕ್ರಮ. ಫೋನಿಗೆ ಕೈ ಹಾಕುವ ಮುನ್ನ ಹಾಳೆಯಲ್ಲಿ ಎರಡು ಸಾಲು ಬರೆಯುವುದು. ‘ಹತ್ತಕ್ಕೆ ಸಂದೇಶ ಬಂತು, ನಕ್ಕಳು’ ಎಂಬುದು ಕಂಡದ್ದು. ‘ನನಗಿಂತ ಅವನೇ ಇಷ್ಟ’ ಎಂಬುದು ಊಹೆ. ಊಹೆಯ ಅಡಿಯಲ್ಲಿರುವ ನೋವನ್ನು ಹುಡುಕಿದರೆ ಬೇರೆಯದೇ ಸಿಗಬಹುದು: ಗೂಡಿನ ಹರಾಜು, ನೂಲು ಬಿಚ್ಚಾಣಿಕೆಯಲ್ಲಿ ಹಗಲು ಕಳೆದು, ಇಬ್ಬರೂ ಕೂತು ಮಾತಾಡಿ ವಾರಗಳಾಗಿವೆ. ಆಗ ಕೇಳಬೇಕಾದದ್ದು ಪಾಸ್‌ವರ್ಡ್ ಅಲ್ಲ. ‘ಊಟ ಆದ ಮೇಲೆ ಅರ್ಧ ಗಂಟೆ ಇಬ್ಬರೂ ಫೋನ್ ಪಕ್ಕಕ್ಕಿಡೋಣ’ ಎಂಬ ಕೋರಿಕೆ. ಹಳೆಯ ಪ್ರೇಮಿಯ ವಿಷಯದಲ್ಲಾದರೆ, ಭೇಟಿಯಿದ್ದಾಗ ಮೊದಲೇ ತಿಳಿಸುವ ಒಪ್ಪಂದ ಸಾಕಾಗಬಹುದು. ಅದು ಇಬ್ಬರಿಗೂ ಅನ್ವಯವಾಗಬೇಕು.

ಈ ಕ್ರಮವೂ ಕೆಡಬಹುದು. ‘ಯಾರದು, ಏನಂತೆ’ ಎಂದು ದಿನವೂ ಕೇಳುವುದು ಬಾಯಲ್ಲಿ ಮಾಡುವ ತಪಾಸಣೆಯೇ. ಒಮ್ಮೆ ಕೇಳಿ, ಬಂದ ಉತ್ತರವನ್ನು ನಿಲ್ಲಲು ಬಿಡಬೇಕು. ಸುಳ್ಳು ನಿಜವಾಗಿಯೂ ಸಿಕ್ಕಿಬಿದ್ದಲ್ಲಿ ಪ್ರಶ್ನೆ ಅನುಮಾನದ್ದಲ್ಲ, ದಾಂಪತ್ಯದ್ದು. ಅದಕ್ಕೆ ಹಾಳೆಯ ಎರಡು ಸಾಲು ಸಾಲದು. ಯಾವ ಉತ್ತರಕ್ಕೂ ಅಲುಗದ, ಕುಡಿತದೊಂದಿಗೆ ಬೆಳೆಯುವ ಸಂಶಯ ಕಾಯಿಲೆಯಿರಬಹುದು. ಅದಕ್ಕೆ ಮನೋವೈದ್ಯರು ಬೇಕು, ಟೆಲಿ ಮಾನಸ್ ಸಂಖ್ಯೆ 14416. ಸಂಶಯ ಬೆದರಿಕೆಗೋ ಹೊಡೆತಕ್ಕೋ ತಿರುಗಿದರೆ ಒಪ್ಪಂದದ ಮಾತು ಮುಗಿಯಿತು. ಆಗ ಮಹಿಳಾ ಸಹಾಯವಾಣಿ 181.