ಹತ್ತು ನಿಮಿಷದ ಪ್ರಬಂಧ ಮಂಡನೆ: ಹಾರನಹಳ್ಳಿಯ ದೇವಾಲಯವನ್ನು ಆಧರಿಸಿದ ಒಂದು ಮಾದರಿಯ ವಿಮರ್ಶೆ

ಸ್ನಾತಕೋತ್ತರ ತರಗತಿಯ ಕೊನೆಯಲ್ಲಿ ವಿದ್ಯಾರ್ಥಿ ಸಲ್ಲಿಸುವ ಕಿರುಪ್ರಬಂಧವನ್ನು ಪರೀಕ್ಷಕರ ಮುಂದೆ ಬಾಯಿಮಾತಿನಲ್ಲಿ ಮಂಡಿಸಿ, ಅವರ ಪ್ರಶ್ನೆಗಳಿಗೆ ಉತ್ತರಿಸುವ ಕ್ರಮಕ್ಕೆ ಮೌಖಿಕ ಪರೀಕ್ಷೆ ಎಂಬ ಹೆಸರಿದ್ದು, ಮಂಡನೆಗೆ ಹತ್ತು ನಿಮಿಷ ನಿಗದಿಯಾದಾಗ ಏನು ಹೇಳಬೇಕೆಂಬುದಕ್ಕಿಂತ ಏನನ್ನು ಬಿಡಬೇಕೆಂಬುದೇ ಕಠಿಣ ಪ್ರಶ್ನೆಯಾಗುತ್ತದೆ. ಈ ಹತ್ತು ನಿಮಿಷಕ್ಕಾಗಿ ಮೊದಲೇ ಬರೆದಿಟ್ಟುಕೊಳ್ಳುವ ಪಠ್ಯವನ್ನು, ಅದರ ಜೊತೆಗೆ ತೆರೆಯ ಮೇಲೆ ಬರುವ ಸ್ಲೈಡುಗಳ ಅನುಕ್ರಮವನ್ನು, ಒಂದು ಸ್ವತಂತ್ರ ಬರವಣಿಗೆಯ ಪ್ರಕಾರವೆಂದೇ ಪರಿಗಣಿಸಿ ಅದರ ಗುಣದೋಷಗಳನ್ನು ನಿರ್ಣಯಿಸಬೇಕು. ಅದಕ್ಕೆ ಇಲ್ಲಿ ಆಯ್ದುಕೊಂಡಿರುವ ಮಾದರಿಯು ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದ ವಾಸ್ತುವಿನ್ಯಾಸವನ್ನು ಕುರಿತ ಕಿರುಪ್ರಬಂಧವೊಂದರ ಕಲ್ಪಿತ ಮಂಡನೆಯಾಗಿದ್ದು, ಅದರಲ್ಲಿ ಬರುವ ದೇವಾಲಯದ ವಿವರಗಳು ಮಾತ್ರ ವಾಸ್ತವವಾದವು.

ಹೊಯ್ಸಳರ ಆಳ್ವಿಕೆಯಲ್ಲಿ, ಕ್ರಿ.ಶ. 1235ರ ಸುಮಾರಿಗೆ, ಪೆದ್ದಣ್ಣ ಹೆಗ್ಗಡೆ, ಸೋವಣ್ಣ ಮತ್ತು ಕೇಸಣ್ಣ ಎಂಬ ಸಹೋದರರು ಕಟ್ಟಿಸಿದ ಈ ಗುಡಿ ತ್ರಿಕೂಟವಾಗಿದೆ. ಎಂದರೆ ಒಂದೇ ನವರಂಗಕ್ಕೆ ಮೂರು ಗರ್ಭಗುಡಿಗಳು ಕೂಡಿಕೊಂಡಿವೆ. ಹೀಗಿದ್ದೂ ನಡುವಿನ ಗರ್ಭಗುಡಿಗೆ ಮಾತ್ರ ಶಿಖರವೂ, ಗರ್ಭಗುಡಿಯನ್ನು ನವರಂಗಕ್ಕೆ ಜೋಡಿಸುವ ಸುಕನಾಸಿಯೂ ಇರುವುದರಿಂದ, ಹೊರಗಿನಿಂದ ನೋಡುವವರಿಗೆ ಗುಡಿ ಏಕಕೂಟದಂತೆ ಕಾಣುತ್ತದೆ. ಒಳಗಿನ ವಿನ್ಯಾಸಕ್ಕೂ ಹೊರಗಿನ ನೋಟಕ್ಕೂ ಇರುವ ಈ ಅಂತರವೇ ಮಾದರಿ ಪ್ರಬಂಧದ ಮುಖ್ಯ ಪ್ರಶ್ನೆ.

ಇಂಥ ಮಂಡನೆಗಳ ಮೊದಲ ಕರಡಿನಲ್ಲಿ ಸಾಮಾನ್ಯವಾಗಿ ಕಾಣುವ ದೊಡ್ಡ ದೋಷವು ಪೀಠಿಕೆಯ ವಿಸ್ತಾರದಲ್ಲಿದೆ. ಹೊಯ್ಸಳ ವಂಶದ ಉಗಮ, ವಿಷ್ಣುವರ್ಧನನ ವಿಜಯಗಳು, 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ, 2023ರಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರಗಳಿಗೆ ದೊರೆತ ವಿಶ್ವ ಪರಂಪರೆಯ ಮನ್ನಣೆ, ಇವೆಲ್ಲ ಒಂದರ ಹಿಂದೊಂದು ಬಂದು, ಹಾರನಹಳ್ಳಿಯ ಹೆಸರು ಕೇಳುವ ಹೊತ್ತಿಗೆ ನಾಲ್ಕು ನಿಮಿಷಗಳು ಕಳೆದಿರುತ್ತವೆ. ಈ ಸಂಗತಿಗಳಲ್ಲಿ ಯಾವುದೂ ತಪ್ಪಲ್ಲವಾದರೂ, ಪರೀಕ್ಷಕರಿಗೆ ಮೊದಲೇ ಗೊತ್ತಿರುವ ವಿಷಯಗಳಾದ್ದರಿಂದ ವಿದ್ಯಾರ್ಥಿಯ ಸ್ವಂತ ಕೆಲಸವನ್ನು ಅಳೆಯಲು ಅವು ನೆರವಾಗುವುದಿಲ್ಲ. ಮೇಲಾಗಿ ಅವು ಕಸಿದುಕೊಳ್ಳುವ ಸಮಯವನ್ನು ಕೊನೆಗೆ ಶೋಧದ ಭಾಗವೇ ತೆರಬೇಕಾಗುತ್ತದೆ.

ತಿದ್ದಿದ ಮಾದರಿಯಲ್ಲಿ ಬರೆದ ಪಠ್ಯಕ್ಕೆ ಒಂಬತ್ತು ನಿಮಿಷಗಳನ್ನು ಮಾತ್ರ ಕೊಟ್ಟು, ಉಳಿದ ಒಂದು ನಿಮಿಷವನ್ನು ಸ್ಲೈಡ್ ಬದಲಾವಣೆಗೂ ಉಸಿರಿಗೂ ಬಿಡಲಾಗಿದೆ. ಶೀರ್ಷಿಕೆಗೆ ಅರ್ಧ ನಿಮಿಷ, ಪ್ರಶ್ನೆಗೆ ಒಂದು, ತಳವಿನ್ಯಾಸಕ್ಕೆ ಒಂದೂವರೆ, ಅಧ್ಯಯನದ ವಿಧಾನಕ್ಕೆ ಒಂದೂವರೆ, ಶೋಧಗಳಿಗೆ ಮೂರು, ಮಿತಿಗಳಿಗೆ ಒಂದು, ತೀರ್ಮಾನಕ್ಕೆ ಅರ್ಧ ನಿಮಿಷ ಎಂಬ ಈ ಹಂಚಿಕೆಯಲ್ಲಿ ಶೋಧಗಳಿಗೆ ಮೂರು ಸ್ಲೈಡುಗಳು, ಉಳಿದ ಭಾಗಗಳಿಗೆ ಒಂದೊಂದು, ಒಟ್ಟು ಒಂಬತ್ತು ಸ್ಲೈಡುಗಳಿವೆ. ನಾಲ್ಕೂವರೆ ನಿಮಿಷಕ್ಕೆ ಮೊದಲ ಶೋಧ ಆರಂಭವಾಗದಿದ್ದರೆ ಮಂಡನೆ ಹಿಂದೆ ಬಿದ್ದಿದೆ ಎಂದು ತಿಳಿಯಬೇಕು. ಆಗ ಅವಸರದಿಂದ ಓದುವ ಬದಲು ಬಿಡಬಹುದಾದ ವಾಕ್ಯಗಳನ್ನು ವಿಧಾನದ ಭಾಗದಲ್ಲಿ ಮೊದಲೇ ಗುರುತು ಹಾಕಿಟ್ಟುಕೊಳ್ಳುವುದು ಈ ಮಾದರಿಯ ಒಂದು ವಿವೇಕದ ಕ್ರಮವಾಗಿದೆ.

ಪಠ್ಯದ ಉದ್ದವನ್ನು ಪುಟಗಳಿಂದ ಅಳೆಯುವುದು ಮೋಸಹೋಗುವ ದಾರಿ, ಏಕೆಂದರೆ ಸ್ಲೈಡಿನ ಮೇಲೆ ನಾಲ್ಕು ಅಂಕಿಗಳಲ್ಲಿ ಮುಗಿಯುವ 1235, ಬಾಯಲ್ಲಿ ‘ಸಾವಿರದ ಇನ್ನೂರ ಮೂವತ್ತೈದು’ ಎಂದು ಹಿಗ್ಗುತ್ತದೆ. ಸ್ವಂತ ವೇಗದಲ್ಲಿ ಒಂದು ನಿಮಿಷ ಗಟ್ಟಿಯಾಗಿ ಓದಿ, ಓದಿದ ಪದಗಳನ್ನು ಎಣಿಸಿ, ಅದನ್ನು ಒಂಬತ್ತರಿಂದ ಗುಣಿಸುವುದೇ ನಂಬಬಹುದಾದ ಲೆಕ್ಕ. ಹಾಗೆಯೇ ಇಸವಿಗಳನ್ನು ತೆರೆಗೆ ಬಿಟ್ಟು, ಮಾತಿನಲ್ಲಿ ‘ಬೇಲೂರಿನ ಗುಡಿಯಾದ ನೂರು ವರ್ಷಗಳ ಮೇಲೆ’ ಎಂದರೆ ಕೇಳುವವರಿಗೆ ಕಾಲದ ಅಂತರವೂ ತಿಳಿಯುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಸಮಸ್ಯೆ ವಾಕ್ಯರಚನೆಯದು. ಕನ್ನಡ ವಾಕ್ಯದ ಕ್ರಿಯಾಪದ ಕೊನೆಯಲ್ಲಿ ಬರುವುದರಿಂದ, ಪ್ರಬಂಧದ ಉದ್ದ ವಾಕ್ಯವನ್ನು ಹಾಗೆಯೇ ಓದಿದಾಗ ಕೇಳುಗರು ಅಷ್ಟೂ ವಿಶೇಷಣಗಳನ್ನು ನೆನಪಿನಲ್ಲಿ ಹಿಡಿದುಕೊಂಡು ಕೊನೆಯವರೆಗೆ ಕಾಯಬೇಕಾಗುತ್ತದೆ. ‘ಮೂರು ಗರ್ಭಗುಡಿಗಳನ್ನು ಒಳಗೊಂಡಿರುವ, ನಡುವಿನದಕ್ಕೆ ಮಾತ್ರ ಶಿಖರವಿರುವ, ಎಡಬಲದವು ನೇರವಾಗಿ ನವರಂಗಕ್ಕೆ ತೆರೆದುಕೊಳ್ಳುವ ಈ ದೇವಾಲಯವು ಏಕಕೂಟವೆಂಬ ಭಾವನೆಯನ್ನು ಮೂಡಿಸುತ್ತದೆ’ ಎಂಬುದು ಪುಟದಲ್ಲಿ ಸಲ್ಲುವ ವಾಕ್ಯ. ತಿದ್ದಿದ ಪಠ್ಯದಲ್ಲಿ ಅದೇ ವಿಷಯ ಹೀಗಿದೆ: ‘ಒಳಗೆ ಗರ್ಭಗುಡಿಗಳು ಮೂರು. ಹೊರಗೆ ಶಿಖರ ಒಂದೇ. ಎಡಬಲದ ಗರ್ಭಗುಡಿಗಳು ನೇರವಾಗಿ ನವರಂಗಕ್ಕೆ ತೆರೆದುಕೊಳ್ಳುತ್ತವೆ. ಆದ್ದರಿಂದ ಹೊರಗೆ ನಿಂತವರಿಗೆ ಇದು ಏಕಕೂಟದಂತೆ ಕಾಣುತ್ತದೆ.’ ಇಲ್ಲಿ ಮೊದಲ ವಾಕ್ಯಕ್ಕೆ ತಳವಿನ್ಯಾಸದ ನಕ್ಷೆ, ಎರಡನೆಯದಕ್ಕೆ ಹೊರನೋಟದ ಚಿತ್ರ ಹೊಂದುತ್ತವೆ. ವಾಕ್ಯ ಮುಗಿಯುವ ಮುನ್ನವೇ ಸ್ಲೈಡ್ ಬದಲಾದರೆ ಕಿವಿ ಒಂದನ್ನು, ಕಣ್ಣು ಇನ್ನೊಂದನ್ನು ಹಿಂಬಾಲಿಸುವುದರಿಂದ, ಪಠ್ಯದಲ್ಲಿ ಸ್ಲೈಡಿನ ಗುರುತು ಯಾವಾಗಲೂ ಪೂರ್ಣವಿರಾಮದ ನಂತರವೇ ಬರಬೇಕು.

ಶೋಧದ ಮೂರನೆಯ ಸ್ಲೈಡ್ ಈ ಮಾದರಿಯ ಉತ್ತಮ ಭಾಗವಾಗಿದೆ. ಹಾರನಹಳ್ಳಿಯ ಹೊರಗೋಡೆಯಲ್ಲಿ ಎರಡು ಸೂರುಗಳು, ಎಂದರೆ ಗೋಡೆಯಿಂದ ಹೊರಚಾಚಿದ ಕಲ್ಲಿನ ಅಂಚುಗಳು, ಸುತ್ತುವರಿದಿದ್ದು, ಅವುಗಳ ನಡುವೆ ಚಿಕ್ಕ ಅಲಂಕಾರ ಗೋಪುರಗಳು, ಕೆಳಗಿನ ಸೂರಿನಡಿ ದೇವತಾಮೂರ್ತಿಗಳು, ಅದರ ಕೆಳಗೆ ಆನೆ, ಕುದುರೆ ಮೊದಲಾದ ಆರು ಪಟ್ಟಿಕೆಗಳು ಬರುತ್ತವೆ. ಮೊದಲ ಕರಡು ಇದನ್ನೆಲ್ಲ ಎಂಟು ಸಾಲುಗಳಲ್ಲಿ ಬರೆದು ಓದಿಸುತ್ತಿತ್ತು. ತಿದ್ದಿದ ಪಠ್ಯ ಗೋಡೆಯ ಒಂದೇ ದೊಡ್ಡ ಚಿತ್ರವನ್ನಿಟ್ಟು, ಅದರ ಮೇಲೆ ಮೂರು ಗೆರೆಗಳನ್ನು ಎಳೆದು, ‘ಮೇಲಿನಿಂದ ಕೆಳಕ್ಕೆ ನೋಡಬೇಕು’ ಎಂದು ಹೇಳಿ ಕೆಲವು ಕ್ಷಣ ಸುಮ್ಮನಿರುವಂತೆ ಸೂಚಿಸುತ್ತದೆ. ಈ ಮೌನವನ್ನೂ ಪಠ್ಯದಲ್ಲಿ ಬರೆದು, ಸಮಯದ ಲೆಕ್ಕಕ್ಕೆ ಸೇರಿಸಿರುವುದು ಮೆಚ್ಚತಕ್ಕದ್ದು.

ಆದರೆ ಈ ಮಾದರಿಯಲ್ಲಿ ಒಂದು ಕೊರತೆ ಉಳಿದಿದೆ. ಮಿತಿಗಳ ಭಾಗದಲ್ಲಿ ‘ಸಮಯದ ಅಭಾವವಿತ್ತು’ ಎಂಬ, ಯಾವ ಪ್ರಬಂಧಕ್ಕೂ ಅಂಟಿಸಬಹುದಾದ ವಾಕ್ಯವಷ್ಟೇ ಇದೆ. ನೆಲದಿಂದ ಅಳೆದವರಿಗೆ ಶಿಖರದ ಎತ್ತರ ಎಷ್ಟು ನಿಖರವಾಗಿ ಸಿಕ್ಕಿತು, ಅದೇ ಊರಿನ ಸೋಮೇಶ್ವರ ದೇವಾಲಯವನ್ನು ಹೋಲಿಕೆಗೆ ಏಕೆ ತೆಗೆದುಕೊಳ್ಳಲಿಲ್ಲ ಎಂಬ ಎರಡು ಪ್ರಶ್ನೆಗಳನ್ನು ಪರೀಕ್ಷಕರು ಖಂಡಿತ ಕೇಳುತ್ತಾರೆ. ಮೊದಲನೆಯದನ್ನು ಮಿತಿಯೆಂದು ಬಾಯಿಬಿಟ್ಟು ಹೇಳಿ, ಎರಡನೆಯದಕ್ಕೆ ಸೋಮೇಶ್ವರದ ನಕ್ಷೆಯಿರುವ ಹೆಚ್ಚುವರಿ ಸ್ಲೈಡನ್ನು ಕೊನೆಯ ಸ್ಲೈಡಿನ ನಂತರ ಸಿದ್ಧವಾಗಿಟ್ಟಿದ್ದರೆ ಮಂಡನೆ ಪ್ರಶ್ನೋತ್ತರಕ್ಕೂ ಅಣಿಯಾಗಿರುತ್ತಿತ್ತು.

ಒಟ್ಟಿನಲ್ಲಿ ಸಮಯದ ಹಂಚಿಕೆಯಲ್ಲಿ, ವಾಕ್ಯ ಮತ್ತು ಚಿತ್ರಗಳ ಹೊಂದಾಣಿಕೆಯಲ್ಲಿ ಈ ಮಾದರಿ ಗಟ್ಟಿಯಾಗಿದ್ದು, ಮಿತಿಗಳ ವಿಷಯದಲ್ಲಿ ದುರ್ಬಲವಾಗಿದೆ. ಅಳೆದವರು ವಿದ್ಯಾರ್ಥಿಗಳೇ, ಕಂಡುಕೊಂಡವರೂ ಅವರೇ. ಆ ಕಂಡದ್ದಕ್ಕೆ ಮೂರು ನಿಮಿಷಗಳನ್ನು ಪೂರ್ತಿಯಾಗಿ ಉಳಿಸಿಕೊಡದ ಪಠ್ಯವನ್ನು, ಅದು ಎಷ್ಟೇ ಸೊಗಸಾಗಿದ್ದರೂ, ಮೌಖಿಕ ಪರೀಕ್ಷೆಗೆ ಯೋಗ್ಯವೆಂದು ಒಪ್ಪಲಾಗದು.