ನೆತ್ತಿಯ ಪಕ್ಕ ಹಿಂದಲೆ ಇಟ್ಟು ನೋಡಿ

ಯಾವ ಕಟಿಂಗ್ ಒಪ್ಪುತ್ತದೆ ಎಂದು ಕೇಳಿ ಫೋಟೊ ಕಳಿಸುವ ಓದುಗರಲ್ಲಿ ಹೆಚ್ಚಿನವರು ಮುಖದ ಫೋಟೊವನ್ನೇ ಕಳಿಸುತ್ತಾರೆ. ನಾನು ಮೊದಲು ಕೇಳುವುದು ಹಿಂದಲೆಯ ಫೋಟೊ. ಗಂಡಸರಲ್ಲಿ ವಂಶದಿಂದ ಬರುವ ಕೂದಲುದುರುವಿಕೆ ಹಣೆಯ ಎರಡು ಮೂಲೆಗಳನ್ನೂ ನೆತ್ತಿಯನ್ನೂ ಹಿಡಿಯುತ್ತದೆ. ಕಿವಿಯಿಂದ ಕಿವಿಗೆ ಹಿಂದಲೆಯನ್ನು ಬಳಸಿ ಹೋಗುವ ಪಟ್ಟಿ ಮಾತ್ರ ಸಾಮಾನ್ಯವಾಗಿ ಕೊನೆಯವರೆಗೂ ಉಳಿಯುತ್ತದೆ. ಕೂದಲು ಕಸಿ ಮಾಡುವ ವೈದ್ಯರು ಬೇರು ತೆಗೆಯುವುದೂ ಅಲ್ಲಿಂದಲೇ. ಆ ಮನುಷ್ಯನ ಕೂದಲು ಹುಟ್ಟಿನಿಂದ ಎಷ್ಟು ಒತ್ತಾಗಿತ್ತು, ಎಳೆ ಎಷ್ಟು ದಪ್ಪವಿತ್ತು ಎಂಬುದಕ್ಕೆ ಆ ಪಟ್ಟಿಯೇ ಅಳತೆ. ಫೋಟೊ ನೋಡಿ ಒಬ್ಬರ ತಲೆಯಲ್ಲಿ ಎಷ್ಟು ಕೂದಲಿದೆ ಎಂದು ಹೇಳಲು ಯಾರಿಂದಲೂ ಆಗುವುದಿಲ್ಲ. ಆದರೆ ಒಂದೇ ಬೆಳಕಿನಲ್ಲಿ ತೆಗೆದ ನೆತ್ತಿಯನ್ನೂ ಹಿಂದಲೆಯನ್ನೂ ಅಕ್ಕಪಕ್ಕ ಇಟ್ಟರೆ ಎಷ್ಟು ಕಡಿಮೆಯಾಗಿದೆ ಎಂದು ಚೆನ್ನಾಗಿಯೇ ಹೇಳಬಹುದು. ಕಟಿಂಗ್ ಆರಿಸಲು ಅಷ್ಟು ಸಾಕು.

ದಾವಣಗೆರೆಯ ಒಬ್ಬ ಮೇಷ್ಟ್ರು ಕಳಿಸಿದ ಫೋಟೊವನ್ನೇ ತೆಗೆದುಕೊಳ್ಳಿ. ವಯಸ್ಸು ನಲವತ್ತರ ಆಸುಪಾಸು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ್ದಾರೆ, ಕಪ್ಪು ಡೈ ಹಾಕಿದ್ದಾರೆ, ಟ್ಯೂಬ್‌ಲೈಟಿನ ನೇರ ಕೆಳಗೆ ನಿಂತಿದ್ದಾರೆ. ಬಾಚಿದ ಸಾಲುಗಳ ನಡುವೆ ಚರ್ಮ ಗೆರೆಗೆರೆಯಾಗಿ ಹೊಳೆಯುತ್ತಿದೆ. ‘ಸರ್, ಎರಡೂ ಕಡೆ ಮಷಿನ್ ಹಾಕಿಸಿ ಪೂರ್ತಿ ಇಳಿಸಿ, ಮೇಲಿನದನ್ನು ಉದ್ದ ಬಿಟ್ಟು ಹಿಂದಕ್ಕೆ ಬಾಚಿದರೆ ಹೇಗೆ? ಅಥವಾ ಪೂರ್ತಿ ಬೋಳಿಸುವುದೇ ಒಳ್ಳೆಯದೋ?’ ಎಂಬುದು ಅವರ ಪ್ರಶ್ನೆ.

ಆ ಫೋಟೊದಲ್ಲಿ ಕಾಣುವ ಚರ್ಮಕ್ಕೆಲ್ಲ ಕೂದಲುದುರಿದ್ದೇ ಕಾರಣ ಎನ್ನುವಂತಿಲ್ಲ. ಎಣ್ಣೆ ಹಚ್ಚಿದಾಗ ಹತ್ತಾರು ಎಳೆಗಳು ಒಂದಕ್ಕೊಂದು ಅಂಟಿ ಒಂದೇ ದಪ್ಪ ಎಳೆಯಂತಾಗುತ್ತವೆ. ಅವು ಮುಚ್ಚುತ್ತಿದ್ದ ಜಾಗ ಖಾಲಿಯಾಗುತ್ತದೆ. ಒದ್ದೆ ತಲೆಯಲ್ಲೂ ಹೀಗೇ ಆಗುತ್ತದೆ, ಒತ್ತುಗೂದಲಿನವರಿಗೂ ಬೈತಲೆ ಅಗಲವಾಗಿ ಕಾಣುತ್ತದೆ. ಮೇಲಿನಿಂದ ಬೀಳುವ ಬೆಳಕು ಎಳೆಗಳ ಸಂದಿಯಲ್ಲಿ ನೇರವಾಗಿ ಇಳಿದು ಚರ್ಮ ಮುಟ್ಟುತ್ತದೆ, ಎಣ್ಣೆಯ ಚರ್ಮ ಅದನ್ನು ಹಾಗೇ ಹೊರಗೆಸೆಯುತ್ತದೆ. ಮೂರನೆಯದು ಡೈ. ಕಣ್ಣಿಗೆ ಬೀಳುವುದು ಕೂದಲಿನ ಬಣ್ಣಕ್ಕೂ ಚರ್ಮದ ಬಣ್ಣಕ್ಕೂ ಇರುವ ಅಂತರ. ಗೋಧಿಬಣ್ಣದ ಚರ್ಮದ ಮೇಲೆ ಕಡುಗಪ್ಪು ಹಾಕಿದರೆ ಅದೇ ಕೂದಲು ಇನ್ನೂ ತೆಳ್ಳಗೆ ಕಾಣುತ್ತದೆ. ತಿಳಿಬಣ್ಣದ ಚರ್ಮದವರಿಗೆ ನರೆ ಬಂದ ಮೇಲೆ ನೆತ್ತಿಯ ವಿರಳತೆ ಅಷ್ಟಾಗಿ ಎದ್ದು ಕಾಣದಿರುವುದಕ್ಕೂ ಈ ಅಂತರವೇ ಕಾರಣ.

ಹಾಗಾಗಿ ಅವರಿಗೆ ಮತ್ತೆ ಫೋಟೊ ತೆಗೆಸಲು ಹೇಳಿದೆ. ಬೆಳಿಗ್ಗೆ ಶಾಂಪೂ ಹಾಕಿ ತೊಳೆದು, ಎಣ್ಣೆ, ಜೆಲ್ ಯಾವುದೂ ಇಲ್ಲದೆ, ಬಾಚದೆ, ತಾನಾಗಿ ಪೂರ್ತಿ ಒಣಗಲು ಬಿಡಬೇಕು. ಬೋಳು ಮರೆಸುವ ಪುಡಿ ಉದುರಿಸುವ ಅಭ್ಯಾಸವಿದ್ದರೆ ಅದೂ ಬೇಡ. ದೀಪ ಆರಿಸಿ, ಫ್ಲ್ಯಾಶ್ ಇಲ್ಲದೆ, ಬಿಸಿಲು ನೇರ ಬೀಳದ ಕಿಟಕಿಯ ಹತ್ತಿರ ನಿಲ್ಲಬೇಕು. ಫೋಟೊವನ್ನು ಇನ್ನೊಬ್ಬರು ಒಂದೂವರೆ ಮೀಟರ್ ದೂರದಿಂದ, ಹಿಂದಿನ ಕ್ಯಾಮೆರಾದಲ್ಲಿ, ತುಸು ಜೂಮ್ ಮಾಡಿ ತೆಗೆಯಬೇಕು. ಕೈಯಳತೆಯಲ್ಲಿ ಹಿಡಿದ ಸೆಲ್ಫಿಯಲ್ಲಿ ಹತ್ತಿರವಿರುವ ಹಣೆ, ಮೂಗು ಹಿಗ್ಗುತ್ತವೆ, ಕಿವಿಯ ಕಡೆಯ ಕೂದಲು ಹಿಂದೆ ಸರಿಯುತ್ತದೆ. ಹಣೆಯಂಚು ಇಲ್ಲದಷ್ಟು ಮೇಲೆ ಹೋದಂತೆ ಕಾಣುತ್ತದೆ. ಮುಖ ನುಣುಪಾಗಿಸುವ ಬ್ಯೂಟಿ ಮೋಡ್ ಇದ್ದರೆ ಹಣೆಯಂಚಿನ ಸಣ್ಣ ಕೂದಲನ್ನೆಲ್ಲ ಅದು ಅಳಿಸಿಬಿಡುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಇದು: ನೆತ್ತಿಯ ಫೋಟೊಗೆ ತಲೆ ಬಗ್ಗಿಸಿ ನೆತ್ತಿಯನ್ನೇ ಕಿಟಕಿಗೆ ತಿರುಗಿಸಬೇಕು, ಹಿಂದಲೆಯ ಫೋಟೊಗೆ ಬೆನ್ನನ್ನು ಕಿಟಕಿಗೆ ಕೊಡಬೇಕು. ಎರಡೂ ಜಾಗದ ಮೇಲೆ ಬೆಳಕು ಒಂದೇ ರೀತಿ ಬಿದ್ದಾಗ ಮಾತ್ರ ಹೋಲಿಕೆಗೆ ಅರ್ಥ. ಕೊನೆಗೆ ಬಾಚಣಿಗೆಯ ತುದಿಯಿಂದ ನೆತ್ತಿಯಲ್ಲೊಂದು, ಹಿಂದಲೆಯಲ್ಲೊಂದು ಬೈತಲೆ ತೆಗೆದು ಹತ್ತಿರದಿಂದ ಎರಡು ಫೋಟೊ.

ಈ ಎರಡನ್ನು ಪಕ್ಕಪಕ್ಕ ಇಟ್ಟಾಗ ನಾನು ನೋಡುವುದು ಬೈತಲೆಯ ಅಗಲವನ್ನು ಮಾತ್ರವಲ್ಲ. ಅಂಚಿನಲ್ಲಿ ನಿಂತ ಎಳೆಗಳು ಎಲ್ಲ ಒಂದೇ ದಪ್ಪವಿವೆಯೇ ಎಂದು ನೋಡುತ್ತೇನೆ. ವಂಶದ ಕೂದಲುದುರುವಿಕೆಯಲ್ಲಿ ಕೂದಲು ಒಮ್ಮೆಲೇ ಮಾಯವಾಗುವುದಿಲ್ಲ. ಬೇರು ಕುಗ್ಗುತ್ತ ಹೋಗಿ ಪ್ರತಿ ಸಲವೂ ಹಿಂದಿನದಕ್ಕಿಂತ ತೆಳುವಾದ, ಗಿಡ್ಡವಾದ ಎಳೆ ಹುಟ್ಟುತ್ತದೆ. ಹಿಂದಲೆಯಲ್ಲಿ ಎಲ್ಲ ಎಳೆಗಳೂ ಒಂದೇ ಸಮ ದಪ್ಪವಿದ್ದು, ನೆತ್ತಿಯಲ್ಲಿ ದಪ್ಪ, ತೆಳು, ನವಿರು ಎಳೆಗಳು ಬೆರೆತಿದ್ದರೆ ಅದು ಆರಂಭದ ಗುರುತು. ಬೋಳು ಕಣ್ಣಿಗೆ ಕಾಣುವುದಕ್ಕಿಂತ ಬಹಳ ಮೊದಲೇ ಈ ಗುರುತು ಸಿಗುತ್ತದೆ. ಎಳೆಯ ದಪ್ಪ ಬೇರೆ, ಕೂದಲಿನ ಒತ್ತು ಬೇರೆ. ಸಲೂನಿನಲ್ಲಿ ಇವೆರಡನ್ನೂ ಸೇರಿಸಿ ‘ಕೂದಲು ತೆಳ್ಳಗಿದೆ’ ಎಂದುಬಿಡುತ್ತಾರೆ. ಎಳೆ ನವಿರಾಗಿದ್ದೂ ಒತ್ತಾಗಿರುವ ತಲೆಗಳಿವೆ, ಅವಕ್ಕೆ ಕೂದಲನ್ನು ಕುಗ್ಗಿಸುವ ತಿನ್ನಿಂಗ್ ಕತ್ತರಿ ನಡೆಯುತ್ತದೆ. ಎಳೆ ದಪ್ಪವಿದ್ದು ವಿರಳವಾಗಿರುವ ತಲೆಗೆ ಅದೇ ಕತ್ತರಿ ಹಾಕಿದರೆ ಇದ್ದ ಹೊದಿಕೆಯೂ ಹೋಗುತ್ತದೆ. ಎಳೆಯ ದಪ್ಪ ತಿಳಿಯಲು ಉದುರಿದ ಒಂದು ಕೂದಲನ್ನು ಬಿಳಿ ಕಾಗದದ ಮೇಲೆ ಹೊಲಿಗೆ ದಾರದ ಪಕ್ಕ ಇಟ್ಟು ಫೋಟೊ ಕಳಿಸಿ ಎನ್ನುತ್ತೇನೆ. ಇನ್ನು ನೇರ, ಅಲೆ, ಗುಂಗುರು ಎಂಬುದು ಬಾಚದೆ ಒಣಗಿದ ಫೋಟೊದಲ್ಲಿ ತಾನಾಗಿ ಗೊತ್ತಾಗುತ್ತದೆ.

ನೆತ್ತಿಯ ಸುಳಿ ಅನೇಕರನ್ನು ಹೆದರಿಸುತ್ತದೆ. ಸುಳಿಯ ನಡುವೆ ಎಳೆಗಳು ಸುತ್ತ ಚದುರುವುದರಿಂದ ಚರ್ಮ ಕಂಡೇ ಕಾಣುತ್ತದೆ, ಹತ್ತು ವರ್ಷದ ಹುಡುಗನಿಗೂ. ಸುಳಿಯಾದರೆ ಆ ಖಾಲಿ ಜಾಗ ಒಂದು ಬಿಂದುವಿನಷ್ಟಿದ್ದು ಅದರ ಅಂಚಿನಿಂದಲೇ ದಪ್ಪ ಕೂದಲು ಶುರುವಾಗುತ್ತದೆ. ಬೋಳಾಗುತ್ತಿರುವ ನೆತ್ತಿಯಲ್ಲಿ ಅಂಚು ಸ್ಪಷ್ಟವಿರುವುದಿಲ್ಲ. ನವಿರು ಕೂದಲಿನ ಒಂದು ವಲಯ ಸುತ್ತಲೂ ಹರಡಿ ನಿಧಾನವಾಗಿ ಒತ್ತುಗೂದಲಿಗೆ ಸೇರುತ್ತದೆ.

ಮೇಷ್ಟ್ರ ಹೊಸ ಫೋಟೊಗಳು ಬಂದಾಗ ಮೊದಲ ಫೋಟೊದ ಅರ್ಧ ಭಯ ಕಳೆಯಿತು. ಹಿಂದಲೆ ಒತ್ತಾಗಿದೆ, ಎಳೆ ದಪ್ಪ, ಒಣಗಿದಾಗ ಸಣ್ಣ ಅಲೆ ಇದೆ. ಎಣ್ಣೆಯಲ್ಲಿ ಆ ಅಲೆ ಕಂಡೇ ಇರಲಿಲ್ಲ. ಹಣೆಯ ಮೂಲೆಗಳು ಆಳವಾಗಿ ಹಿಂದೆ ಸರಿದಿವೆ, ನಡುವಿನ ಮುಂದಲೆ ಗಟ್ಟಿಯಾಗಿದೆ, ನೆತ್ತಿಯಲ್ಲಿ ಅಂಗೈಯ ಅರ್ಧದಷ್ಟು ಜಾಗ ನವಿರಾಗಿದೆ. ಜೇಮ್ಸ್ ಹ್ಯಾಮಿಲ್ಟನ್ 1951ರಲ್ಲಿ ಗುರುತಿಸಿ, ಒಟಾರ್ ನಾರ್ವುಡ್ 1975ರಲ್ಲಿ ತಿದ್ದಿದ ಏಳು ಹಂತಗಳ ಪಟ್ಟಿಯಲ್ಲಿ ಇದು ಮೂರನೆಯ ಹಂತ, ಅದರಲ್ಲೂ ನೆತ್ತಿ ಸೇರಿದ ಬಗೆ.

ಇಂಥ ತಲೆಗೆ ಅವರು ಕೇಳಿದ ಕಟಿಂಗ್ ಬೇಡವೇ ಬೇಡ. ಹಿಂದಕ್ಕೆ ಬಾಚಿದರೆ ಹಣೆಯ ಎರಡೂ ಮೂಲೆ ತೆರೆದುಕೊಳ್ಳುತ್ತವೆ, ಉದ್ದ ಕೂದಲು ತನ್ನ ಭಾರಕ್ಕೆ ಮಲಗಿ ಸೀಳಿಕೊಳ್ಳುತ್ತದೆ, ನೆತ್ತಿಯನ್ನು ಮುಚ್ಚುವುದೂ ಇಲ್ಲ. ಬೋಳಿಸುವ ಅಗತ್ಯವೂ ಇಲ್ಲ. ನಾನು ಬರೆದು ಕಳಿಸಿದ್ದು ಹೀಗೆ: ಕಿವಿಯ ಮೇಲೂ ಹಿಂದೆಯೂ ಕೆಳಗೆ ಎರಡನೇ ನಂಬರ್, ಅಂದರೆ ಸುಮಾರು 6 ಮಿಲಿಮೀಟರ್; ಮೇಲೇರುತ್ತ ಬಾಚಣಿಗೆಯ ಮೇಲೆ ಕತ್ತರಿ ಆಡಿಸಿ ಬೆಳೆಸಿಕೊಂಡು ಹೋಗಲಿ. ನೆತ್ತಿಯಲ್ಲಿ ಎರಡು ಸೆಂಟಿಮೀಟರ್, ಮುಂದಲೆಯಲ್ಲಿ ಮೂರೂವರೆ. ಬದಿಗಳು ಗಿಡ್ಡವಾದಷ್ಟೂ ಮೇಲಿನದು ತುಂಬಿದಂತೆ ಕಾಣುತ್ತದೆ. ಆದರೆ ಬದಿಗಳನ್ನು ಚರ್ಮ ಕಾಣುವಷ್ಟು ಇಳಿಸಿದರೆ ನೆತ್ತಿಯ ವಿರಳತೆಯೂ ಎದ್ದು ಕಾಣುತ್ತದೆ, ಎರಡನೇ ನಂಬರಿಗೆ ನಿಲ್ಲಿಸಿದ್ದು ಅದಕ್ಕೆ. ಮೇಲೆ ತಿನ್ನಿಂಗ್ ಕತ್ತರಿಯೂ ಬ್ಲೇಡೂ ಮುಟ್ಟಬಾರದು. ಕೂದಲನ್ನು ನೆತ್ತಿಯಿಂದ ಮುಂದಕ್ಕೆ, ತುಸು ಓರೆಯಾಗಿ ಕೈಯಲ್ಲೇ ತಳ್ಳಿ ಬಿಟ್ಟರೆ ಅಲೆ ಮೂಲೆಗಳ ಮೇಲೆ ತಾನೇ ಬಂದು ಕೂರುತ್ತದೆ. ಮುಂದಿನ ಸಲ ಡೈ ಕಡುಗಪ್ಪಿನ ಬದಲು ಕಂದುಬಣ್ಣದ್ದಾಗಲಿ. ಎಣ್ಣೆಯನ್ನು ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯಿರಿ, ಶಾಲೆಗೆ ಹಚ್ಚಿಕೊಂಡು ಹೋಗಬೇಡಿ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಮೂರು ನಾಲ್ಕು ವಾರಕ್ಕೊಮ್ಮೆ ಕುರ್ಚಿ ಹತ್ತಲೇಬೇಕು. ಗಿಡ್ಡ ಕಟಿಂಗ್ ಬೆಳೆದರೆ ಆಕಾರ ಬೇಗ ಕೆಡುತ್ತದೆ.

ಹಿಂದಲೆಯ ಅಳತೆ ಎಲ್ಲರಿಗೂ ಸಲ್ಲುವುದಿಲ್ಲ. ಹೆಂಗಸರಲ್ಲಿ ವಂಶದ ಕೂದಲುದುರುವಿಕೆ ಹಣೆಯಂಚನ್ನು ಬಹುಮಟ್ಟಿಗೆ ಬಿಟ್ಟು ನಡುಬೈತಲೆಯನ್ನು ಅಗಲಿಸುತ್ತದೆ, ಮುಂದೆ ಹೆಚ್ಚು ಅಗಲ, ಹಿಂದೆ ಹೋಗುತ್ತ ಕಿರಿದು. ಅಲ್ಲಿ ಹಿಂದಲೆಯ ಬೈತಲೆಯ ಜೊತೆ ಹೋಲಿಸುವುದು ಸರಿಯೇ. ಆದರೆ ಹೆರಿಗೆಯಾಗಿ ಅಥವಾ ಟೈಫಾಯ್ಡ್, ಡೆಂಗಿಯಂಥ ಜ್ವರ ಬಂದುಹೋಗಿ ಎರಡು ಮೂರು ತಿಂಗಳಿಗೆ ಶುರುವಾಗುವ ಉದುರುವಿಕೆ ತಲೆಯಿಡೀ ಒಂದೇ ಸಮ ಇರುತ್ತದೆ. ನೆತ್ತಿಯೂ ಹಿಂದಲೆಯೂ ಸಮ ಕಾಣುತ್ತವೆ, ಫೋಟೊ ನೋಡಿದರೆ ಏನೂ ಆಗಿಲ್ಲ ಎನಿಸುತ್ತದೆ. ಜಡೆ ಮೊದಲಿಗಿಂತ ತೆಳ್ಳಗಾಗಿದೆಯೇ, ಈಚೆಗೆ ಕಾಯಿಲೆ ಬಂದಿತ್ತೇ ಎಂದು ಬಾಯಿಬಿಟ್ಟು ಕೇಳದೆ ಬೇರೆ ದಾರಿಯಿಲ್ಲ. ಇಂಥವರಿಗೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸುವ ಲೇಯರ್ ಕಟ್ ಬೇಡ. ಭುಜದ ಹತ್ತಿರ ತುದಿಯನ್ನು ಒಂದೇ ನೇರಕ್ಕೆ ಕತ್ತರಿಸಿದರೆ ತುದಿ ಒತ್ತಾಗಿ ಕಾಣುತ್ತದೆ. ಮೊದಲಿನ ಕೂದಲು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಮರಳುತ್ತದೆ.

ಚರ್ಮದ ಸ್ಥಿತಿಯ ವಿಷಯದಲ್ಲಿ ಫೋಟೊದ ಮಾತನ್ನು ಇನ್ನೂ ಹುಷಾರಾಗಿ ಕೇಳಬೇಕು. ನಮ್ಮ ಬಣ್ಣದ ಚರ್ಮದಲ್ಲಿ ಉರಿ ಎದ್ದರೆ ಕೆಂಪು ಕಾಣುವುದು ಕಡಿಮೆ, ಕಂದು ಅಥವಾ ನೇರಳೆ ಛಾಯೆ ಬರುತ್ತದೆ. ಟ್ಯೂಬ್‌ಲೈಟಿನಲ್ಲಿ ಅದೂ ಕಾಣುವುದಿಲ್ಲ. ಬಿಳಿಯಾಗಿ ಉದುರುವ ಹೊಟ್ಟಿಗೆ ಕಟಿಂಗ್ ತಡೆಯಬೇಕಿಲ್ಲ. ಹಳದಿ ಜಿಡ್ಡಿನ ಪದರ ಹಣೆಯಂಚಿನಲ್ಲೂ ಹುಬ್ಬಿನಲ್ಲೂ ಮೂಗಿನ ಪಕ್ಕದಲ್ಲೂ ಇದ್ದರೆ, ಅಥವಾ ಬೆಳ್ಳಿಬಣ್ಣದ ದಪ್ಪ ಪೊರೆ ಕೂದಲಂಚು ದಾಟಿ ಹಣೆಗೆ ಇಳಿದಿದ್ದರೆ ಚರ್ಮವೈದ್ಯರಿಗೆ ತೋರಿಸಿ, ಅಲ್ಲಿಯವರೆಗೆ ಚರ್ಮಕ್ಕೆ ಬ್ಲೇಡ್ ತಾಗಿಸಬೇಡಿ ಎನ್ನುತ್ತೇನೆ. ನಾಣ್ಯದಷ್ಟು ಜಾಗ ನುಣ್ಣಗೆ, ಹೊಟ್ಟಿಲ್ಲದೆ ಬೋಳಾಗಿದ್ದರೆ ಅದು ಬೇರೆ ಕಾಯಿಲೆ, ಅದು ಅಂಟುವುದಿಲ್ಲ, ಸುತ್ತಲಿನ ಕೂದಲು ತುಸು ಉದ್ದವಿದ್ದರೆ ಮರೆಯಾಗುತ್ತದೆ. ಆದರೆ ಮಗುವಿನ ತಲೆಯಲ್ಲಿ ದುಂಡಗಿನ ಮಚ್ಚೆ, ಅದರ ಮೇಲೆ ಹೊಟ್ಟು, ಕೂದಲು ಬುಡದಲ್ಲೇ ಮುರಿದು ಕಪ್ಪು ಚುಕ್ಕೆಗಳಂತೆ ನಿಂತಿರುವುದು ಕಂಡರೆ ಹುಳುಕಡ್ಡಿ ಇರಬಹುದು. ಅದು ಬಾಚಣಿಗೆ, ಟವೆಲ್, ಮಷಿನ್‌ನಿಂದ ಇನ್ನೊಂದು ತಲೆಗೆ ಹೋಗುತ್ತದೆ. ಬರೀ ಮುಲಾಮು ಸಾಲದು, ನುಂಗುವ ಔಷಧಿಯೇ ಬೇಕು. ಅಂಥ ಫೋಟೊ ಬಂದರೆ ನಾನು ಕಟಿಂಗ್ ಹೇಳುವುದಿಲ್ಲ. ಸಲೂನಿಗೆ ಕರೆದೊಯ್ಯುವ ಮೊದಲು ಇವತ್ತೇ ವೈದ್ಯರ ಹತ್ತಿರ ಹೋಗಿ, ಮನೆಯ ಬೇರೆ ಮಕ್ಕಳ ತಲೆಯನ್ನೂ ಬೆಳಕಿನಲ್ಲಿ ನೋಡಿ ಎಂದಷ್ಟೇ ಉತ್ತರಿಸುತ್ತೇನೆ.